ವಾಯ್ಸ್ ನೋಟ್ ಹೋಗುತ್ತೆ, ಕಾಲ್‌ನಲ್ಲಿ ದನಿ ಹೋಗಲ್ಲ: ಮೈಕ್ ಮತ್ತು ಸ್ಪೀಕರ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವ ಕ್ರಮ

"ಹಲೋ... ಹಲೋ... ಕೇಳಿಸ್ತಿಲ್ಲ, ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಹಾಕಿ." ಈ ಮಾತು ನಿಮಗೆ ದಿನವೂ ಎದುರಾಗುತ್ತಿದ್ದರೆ ಒಂದು ವಿಷಯವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ವಾಯ್ಸ್ ನೋಟ್ ಸ್ಪಷ್ಟವಾಗಿ ರೆಕಾರ್ಡ್ ಆಗುತ್ತಿದೆ ಎಂದರೆ ನಿಮ್ಮ ಫೋನಿನಲ್ಲಿ ಕನಿಷ್ಠ ಒಂದು ಮೈಕ್ ಜೀವಂತವಾಗಿದೆ. ಹಾಗಿರುವಾಗ "ಮೈಕ್ ಹೋಗಿದೆ, ಚಾರ್ಜಿಂಗ್ ಬೋರ್ಡ್ ಬದಲಿಸೋಣ" ಎಂದು ಯಾರಾದರೂ ಹೇಳಿದರೆ, ಕೆಳಗಿನ ಪರೀಕ್ಷೆಗಳನ್ನು ಮುಗಿಸುವವರೆಗೆ ಒಪ್ಪಬೇಡಿ.

ಹೆಚ್ಚಿನವರು ಸೋಲುವುದು ಕ್ರಮದಲ್ಲಿ. ಮೊದಲೇ ಫ್ಯಾಕ್ಟರಿ ರೀಸೆಟ್ ಮಾಡಿ ಫೋಟೋ, ಚಾಟ್ ಎಲ್ಲ ಕಳೆದುಕೊಳ್ಳುತ್ತಾರೆ, ಇಲ್ಲವೇ ಪಿನ್ ಹಿಡಿದು ಮೈಕಿನ ತೂತಿಗೆ ಚುಚ್ಚುತ್ತಾರೆ. ಇಲ್ಲಿರುವ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಎಲ್ಲ ಸೇರಿ ಅರ್ಧ ಗಂಟೆ ಸಾಕು.

## ಮೊದಲು ತಿಳಿದಿರಬೇಕಾದ್ದು: ಫೋನಿನಲ್ಲಿ ಒಂದೇ ಮೈಕ್ ಇರುವುದಿಲ್ಲ

ಈಗಿನ ಬಹುತೇಕ ಸ್ಮಾರ್ಟ್‌ಫೋನ್‌ಗಳಲ್ಲಿ ಕನಿಷ್ಠ ಎರಡು ಮೈಕ್ ಇರುತ್ತವೆ. ಒಂದು ಕೆಳಗೆ, ಚಾರ್ಜರ್ ಚುಚ್ಚುವ ಜಾಗದ ಪಕ್ಕದ ಸಣ್ಣ ತೂತಿನೊಳಗೆ. ಇನ್ನೊಂದು ಮೇಲಿನ ಅಂಚಿನಲ್ಲಿ. ಐಫೋನ್‌ಗಳಲ್ಲಿ ಕೆಳಗೆ, ಮುಂದೆ ಕಿವಿಗೆ ಹಿಡಿಯುವ ಸ್ಪೀಕರ್ ಹತ್ತಿರ ಮತ್ತು ಹಿಂದೆ ಕ್ಯಾಮೆರಾ ಪಕ್ಕ, ಹೀಗೆ ಬೇರೆ ಬೇರೆ ಕಡೆ ಮೈಕ್ ಇಟ್ಟಿರುತ್ತಾರೆ.

ವಾಯ್ಸ್ ನೋಟ್‌ಗೆ ಸಾಮಾನ್ಯವಾಗಿ ಕೆಳಗಿನ ಮೈಕ್ ಒಂದೇ ಸಾಕು. ಕರೆಯಲ್ಲಿ ಹಾಗಲ್ಲ. ಫೋನನ್ನು ಕಿವಿಗೆ ಹಿಡಿದು ಮಾತಾಡುವಾಗ ಎರಡೂ ಮೈಕ್‌ಗಳು ಒಟ್ಟಿಗೆ ದುಡಿಯುತ್ತವೆ. ಬಾಯಿ ಇರುವುದು ಕೆಳಗಿನ ಮೈಕ್ ಹತ್ತಿರ, ಹಾಗಾಗಿ ನಿಮ್ಮ ದನಿ ಕೆಳಗೆ ಜೋರಾಗಿಯೂ ಮೇಲೆ ಮೆಲ್ಲಗೂ ಬೀಳುತ್ತದೆ. ದೂರದ ಬಸ್ಸಿನ ಸದ್ದು, ಮಿಕ್ಸರ್ ಸದ್ದು ಎರಡಕ್ಕೂ ಹೆಚ್ಚುಕಡಿಮೆ ಸಮವಾಗಿ ಬೀಳುತ್ತದೆ. ಈ ವ್ಯತ್ಯಾಸ ನೋಡಿಕೊಂಡು ಫೋನು "ಕೆಳಗೆ ಜೋರಾಗಿರುವುದು ಮಾತು, ಎರಡೂ ಕಡೆ ಸಮವಾಗಿರುವುದು ಗದ್ದಲ" ಎಂದು ಲೆಕ್ಕ ಹಾಕಿ ಗದ್ದಲವನ್ನು ಅಳಿಸುತ್ತದೆ.

ತೊಂದರೆ ಹುಟ್ಟುವುದು ಇಲ್ಲೇ. ಕೆಳಗಿನ ತೂತಿಗೆ ಅರ್ಧ ಧೂಳು ತುಂಬಿದರೆ ನಿಮ್ಮ ದನಿಯೂ ಎರಡು ಮೈಕ್‌ಗಳಿಗೆ ಸಮವಾಗಿ ಬೀಳತೊಡಗುತ್ತದೆ. ಆಗ ಫೋನು ನಿಮ್ಮ ಮಾತನ್ನೇ ಗದ್ದಲವೆಂದು ತಿಳಿದು ಅಳಿಸಿಬಿಡುತ್ತದೆ. ಮೇಲಿನ ಮೈಕ್ ಕೆಟ್ಟು ತಾನೇ ಗರಗರ ಸದ್ದು ಮಾಡತೊಡಗಿದರೂ ಇದೇ ಗತಿ. ವಾಯ್ಸ್ ನೋಟ್‌ಗೆ ಈ ಹೋಲಿಕೆಯ ಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ, ದನಿ ಕಡಿಮೆಯಿದ್ದರೆ ಫೋನೇ ಅದನ್ನು ಏರಿಸಿಕೊಳ್ಳುತ್ತದೆ. ಅದಕ್ಕೇ ಅದು ಚೆನ್ನಾಗಿಯೇ ಕೇಳಿಸುತ್ತದೆ.

ಇದರ ಜೊತೆಗೆ ಬ್ಲೂಟೂತ್, ನೆಟ್‌ವರ್ಕ್ ಮತ್ತು ಆ್ಯಪ್‌ಗಳ ಕಾರಣಗಳೂ ಇವೆ. ಯಾವುದು ನಿಮ್ಮದು ಎಂದು ಬೇರ್ಪಡಿಸುವುದೇ ಮುಂದಿನ ಕೆಲಸ.

## ಬೇಕಾದ ಸಾಮಾನು

ಇನ್ನೊಂದು ಫೋನು ಮತ್ತು ಅದನ್ನು ಹಿಡಿದು ಬೇರೆ ಕೋಣೆಯಲ್ಲಿ ಕೂರುವ ಒಬ್ಬರು. ನಿಮ್ಮ ಫೋನಿಗೆ ಹೊಂದುವ, ಮೈಕ್ ಇರುವ, ವೈರಿನ ಇಯರ್‌ಫೋನ್. ಬಳಸದ, ಒಣಗಿದ, ಮೆದು ಎಳೆಯ ಟೂತ್‌ಬ್ರಷ್. ಅಂಟುವ ಟೇಪ್. ಟಾರ್ಚ್. ಒಂದು ಹಾಳೆ, ಪೆನ್ನು.

ಹಾಳೆ, ಪೆನ್ನು ಬೇಡವೆಂದು ಬಿಡಬೇಡಿ. ಎಂಟು ಹತ್ತು ಪರೀಕ್ಷೆ ಮಾಡಿದ ಮೇಲೆ ಯಾವುದರಲ್ಲಿ ಕೇಳಿಸಿತು, ಯಾವುದರಲ್ಲಿ ಇಲ್ಲ ಎಂಬುದು ನೆನಪಿನಲ್ಲಿ ಕಲಸಿಹೋಗುತ್ತದೆ. ಆ ಹಾಳೆಯೇ ಮುಂದೆ ಅಂಗಡಿಯಲ್ಲಿ ನಿಮ್ಮ ಪರವಾಗಿ ಮಾತಾಡುತ್ತದೆ.

## ಹಂತ 1: ಬಯಲು ಮಾಡಿಕೊಳ್ಳಿ

ಫೋನಿನ ಪೌಚ್, ಹಿಂಬದಿಯ ಕವರ್ ತೆಗೆಯಿರಿ. ಹೊಸ ಕವರ್ ಹಾಕಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಕವರಿನ ತೂತು ಮೈಕಿನ ತೂತಿಗೆ ನೇರವಾಗಿದೆಯೇ ನೋಡಿ. ಬೇರೆ ಮಾಡೆಲ್‌ಗೆ ಮಾಡಿದ ಕವರನ್ನು "ಇದೂ ಆಗುತ್ತೆ" ಎಂದು ಕೊಟ್ಟಿರುವುದು ಎಷ್ಟೋ ಸಲ ಕಂಡಿದ್ದೇನೆ. ಕ್ಯಾಮೆರಾ ಸರಿಯಾಗಿ ಕಾಣುತ್ತದೆ, ಮೈಕ್ ಮಾತ್ರ ಮುಚ್ಚಿಹೋಗಿರುತ್ತದೆ.

ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಪರದೆ ಆರಿಸಿ ಮತ್ತೆ ಹಚ್ಚುವುದಲ್ಲ, ಪೂರ್ತಿ ರೀಸ್ಟಾರ್ಟ್.

ಆಮೇಲೆ ಬ್ಲೂಟೂತ್ ಆಫ್ ಮಾಡಿ. ವಾಯ್ಸ್ ನೋಟ್ ಸರಿ, ಕರೆ ಮಾತ್ರ ಇಲ್ಲ ಎನ್ನುವ ದೂರಿಗೆ ನಾನು ಮೊದಲು ಅನುಮಾನಿಸುವುದು ಇದನ್ನೇ. ವಾಚ್, ಇಯರ್‌ಬಡ್ಸ್ ಅಥವಾ ಕಾರಿನ ಸೆಟ್ ಕನೆಕ್ಟ್ ಆಗಿದ್ದರೆ ಕರೆ ಬಂದ ಕೂಡಲೇ ಫೋನು ತನ್ನ ಮೈಕ್ ಬಿಟ್ಟು ಅದರ ಮೈಕ್ ಹಿಡಿಯಬಹುದು. ಇಯರ್‌ಬಡ್ಸ್ ಬ್ಯಾಗಿನಲ್ಲಿರುತ್ತದೆ, ಅದರ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರುವುದಿಲ್ಲ, ನೀವು ಕಿವಿಗೆ ಫೋನ್ ಹಿಡಿದು ಕೂಗುತ್ತಿರುತ್ತೀರಿ. ವಾಯ್ಸ್ ನೋಟ್ ಮಾತ್ರ ಸಾಮಾನ್ಯವಾಗಿ ಫೋನಿನ ಸ್ವಂತ ಮೈಕಿನಿಂದಲೇ ರೆಕಾರ್ಡ್ ಆಗುತ್ತದೆ.

ಬ್ಲೂಟೂತ್ ಆಫ್ ಮಾಡಿದ ತಕ್ಷಣ ಕರೆ ಸರಿಹೋದರೆ ನಿಮ್ಮ ಕೆಲಸ ಮುಗಿಯಿತು. ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಆ ವಾಚ್ ಅಥವಾ ಬಡ್ಸ್ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ, ಕರೆಗೆ ಸಂಬಂಧಿಸಿದ ಸ್ವಿಚ್ ಮಾತ್ರ ಆಫ್ ಮಾಡಿ. ಹಾಡು ಕೇಳಲು ಅಡ್ಡಿಯಾಗುವುದಿಲ್ಲ. ಐಫೋನ್ ಆದರೆ Settings, Accessibility, Touch, Call Audio Routing ಎಂಬಲ್ಲಿಗೆ ಹೋಗಿ Automatic ಎಂದು ಇದೆಯೇ ನೋಡಿ.

ಇನ್ನೊಂದು ಸಣ್ಣ ಗಮನಿಕೆ. ಎದುರಿನವರು "ಕೇಳಿಸ್ತಿಲ್ಲ" ಎಂದ ಕ್ಷಣ ಫೋನನ್ನು ಕಿವಿಯಿಂದ ತೆಗೆದು ಪರದೆ ನೋಡಿ. ಮ್ಯೂಟ್ ಗುಂಡಿ ಹೊತ್ತಿಕೊಂಡಿದೆಯೇ? ಕಿವಿಗೆ ಹಿಡಿದಾಗ ಪರದೆ ಆರಬೇಕು. ಮೇಲಿನ ಸೆನ್ಸರಿನ ಮೇಲೆ ಟೆಂಪರ್ಡ್ ಗ್ಲಾಸ್ ಸರಿಯಾಗಿ ಕೂರದಿದ್ದರೆ ಅದು ಆರುವುದಿಲ್ಲ, ಕೆನ್ನೆಯೇ ಮ್ಯೂಟ್ ಒತ್ತಿಬಿಡುತ್ತದೆ. ಇದು ಹಾಗೆಯೇ ಆಗುತ್ತಿದ್ದರೆ ಗ್ಲಾಸ್ ಬದಲಿಸಿ, ಮೈಕ್ ಮುಟ್ಟಬೇಡಿ.

## ಹಂತ 2: ಕರೆ ಮಾಡದೆಯೇ ಒಂದೊಂದು ಮೈಕ್ ಪರೀಕ್ಷಿಸಿ

ಫ್ಯಾನ್ ಆರಿಸಿ. ಕೋಣೆ ನಿಶ್ಶಬ್ದವಾಗಿರಲಿ.

ಮೊದಲು ಕೆಳಗಿನ ಮೈಕ್. ಫೋನಿನ ರೆಕಾರ್ಡರ್ ಆ್ಯಪ್ ತೆರೆಯಿರಿ, ಐಫೋನ್ ಆದರೆ Voice Memos. ಬಾಯಿಂದ ಒಂದು ಗೇಣು ದೂರ ಹಿಡಿದು ಒಂದರಿಂದ ಹತ್ತರವರೆಗೆ ಮಾಮೂಲು ದನಿಯಲ್ಲಿ ಎಣಿಸಿ. ನಂತರ ರೆಕಾರ್ಡಿಂಗ್ ನಿಲ್ಲಿಸದೆ, ಕೆಳಗಿನ ತೂತಿನ ಪಕ್ಕದ ಲೋಹದ ಅಂಚನ್ನು ಬೆರಳಿನ ಉಗುರಿನಿಂದ ಮೆಲ್ಲಗೆ ಮೂರು ಸಲ ಕೆರೆಯಿರಿ. ಎರಡು ಸೆಕೆಂಡ್ ಬಿಟ್ಟು ಮೇಲಿನ ತೂತಿನ ಪಕ್ಕ ಅದೇ ರೀತಿ ಮೂರು ಸಲ. ಫೋನಿನ ಹಿಂಬದಿಯಲ್ಲಿ ಕ್ಯಾಮೆರಾ ಹತ್ತಿರ ತೂತಿದ್ದರೆ ಅಲ್ಲೂ ಮೂರು ಸಲ.

ಈಗ ಕೇಳಿ. ಎಲ್ಲಿ ಕೆರೆದದ್ದು ಕಿವಿಗೆ ರಾಚುವಂತೆ "ಖರ್ ಖರ್" ಎಂದು ಕೇಳಿಸುತ್ತದೋ ಆ ಮೈಕೇ ರೆಕಾರ್ಡ್ ಮಾಡುತ್ತಿದೆ. ಮಿಕ್ಕ ಕಡೆಯದು ದೂರದಿಂದ ಬಂದಂತೆ ಮಂದವಾಗಿರುತ್ತದೆ. ನಿಮ್ಮ ಫೋನಿನ ವಾಯ್ಸ್ ನೋಟ್ ಯಾವ ಮೈಕ್ ಬಳಸುತ್ತದೆ ಎಂದು ಯಾವ ಪುಸ್ತಕ ನೋಡದೆಯೇ ಹೀಗೆ ಗೊತ್ತಾಗುತ್ತದೆ. ವಾಟ್ಸ್ಆ್ಯಪ್ ವಾಯ್ಸ್ ನೋಟ್‌ನಲ್ಲೂ ಒಮ್ಮೆ ಮಾಡಿ ನೋಡಿ.

ಎರಡನೆಯದು ವಿಡಿಯೊ. ಹಿಂದಿನ ಕ್ಯಾಮೆರಾದಲ್ಲಿ ಹತ್ತು ಸೆಕೆಂಡ್, ಸೆಲ್ಫಿ ಕ್ಯಾಮೆರಾದಲ್ಲಿ ಹತ್ತು ಸೆಕೆಂಡ್ ವಿಡಿಯೊ ತೆಗೆಯಿರಿ. ಎರಡರಲ್ಲೂ ಎಣಿಸಿ, ಎರಡರಲ್ಲೂ ಕೆರೆಯಿರಿ. ಐಫೋನ್‌ನಲ್ಲಿ ಇದು ನೇರ ಪರೀಕ್ಷೆ: ಹಿಂದಿನ ಕ್ಯಾಮೆರಾ ವಿಡಿಯೊ ಹಿಂದಿನ ಮೈಕನ್ನು, ಸೆಲ್ಫಿ ವಿಡಿಯೊ ಮುಂದಿನ ಮೈಕನ್ನು ಒರೆಗೆ ಹಚ್ಚುತ್ತದೆ. ಆಂಡ್ರಾಯ್ಡ್‌ನಲ್ಲಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಅದಕ್ಕೇ ಉಗುರು ಬೇಕು.

ಹಾಳೆಯ ಮೇಲೆ ಬರೆಯಿರಿ: ಕೆಳಗೆ ಸ್ಪಷ್ಟ, ಮೇಲೆ ಮಂದ, ಹಿಂದೆ ಗರಗರ, ಹೀಗೆ. ಕಂಬಳಿ ಹೊದ್ದು ಮಾತಾಡಿದಂತೆ ಇದ್ದರೆ ತೂತು ಕಟ್ಟಿದೆ ಎಂದು ಅರ್ಥ. ಮಾತಿಲ್ಲದಾಗಲೂ ಗರಗರ ಎನ್ನುತ್ತಿದ್ದರೆ ಮೈಕ್ ಕೆಟ್ಟಿರುವ ಅಥವಾ ತೇವ ಸೇರಿರುವ ಲಕ್ಷಣ.

ಕೆಲವು ಫೋನ್‌ಗಳಲ್ಲಿ ಕಂಪನಿಯ ಪರೀಕ್ಷಾ ಪುಟವೇ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ Samsung Members ಆ್ಯಪ್‌ನ ಡಯಾಗ್ನಾಸ್ಟಿಕ್ಸ್ ಭಾಗದಲ್ಲಿ ಮೈಕ್ ಮತ್ತು ಸ್ಪೀಕರ್ ಪರೀಕ್ಷೆಗಳಿವೆ. ಶವೋಮಿ, ರೆಡ್‌ಮಿ ಫೋನ್‌ಗಳಲ್ಲಿ ಡಯಲರ್ ತೆರೆದು ಇದನ್ನು ಒತ್ತಿದರೆ ಸಾಮಾನ್ಯವಾಗಿ ಪರೀಕ್ಷಾ ಪಟ್ಟಿ ತೆರೆದುಕೊಳ್ಳುತ್ತದೆ:

```
*#*#6484#*#*
```

ಪಟ್ಟಿಯಲ್ಲಿ ಮೈಕ್, ರಿಸೀವರ್ ಅಂದರೆ ಕಿವಿಗೆ ಹಿಡಿಯುವ ಸ್ಪೀಕರ್, ಮತ್ತು ಸ್ಪೀಕರ್ ಎಂದಿರುವವನ್ನು ಮಾತ್ರ ಮಾಡಿ ಹೊರಬನ್ನಿ. ತೆರೆಯದಿದ್ದರೆ ಚಿಂತೆಯಿಲ್ಲ, ಉಗುರಿನ ಪರೀಕ್ಷೆಯೇ ಸಾಕು.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಕರೆ ನಡೆಯುತ್ತಿರುವಾಗಲೇ ರೆಕಾರ್ಡರ್ ಆ್ಯಪ್ ತೆರೆದು ಮೈಕ್ ಪರೀಕ್ಷಿಸುತ್ತಾರೆ. ಕರೆಯ ಹೊತ್ತಿನಲ್ಲಿ ಆಂಡ್ರಾಯ್ಡ್ ಸಾಮಾನ್ಯ ಆ್ಯಪ್‌ಗಳಿಗೆ ಮೈಕಿನ ದನಿ ಕೊಡುವುದಿಲ್ಲ, ರೆಕಾರ್ಡಿಂಗ್‌ನಲ್ಲಿ ಬರೀ ಮೌನ ಇರುತ್ತದೆ. ಅದನ್ನು ನೋಡಿ ಮೈಕ್ ಸತ್ತಿದೆ ಎಂದುಕೊಳ್ಳಬೇಡಿ.

## ಹಂತ 3: ಸ್ಪೀಕರ್‌ಗಳನ್ನೂ ಬೇರೆ ಬೇರೆ ಕೇಳಿ

ದೂರು ಮೈಕಿನದ್ದಾದರೂ ಇದನ್ನು ಬಿಡಬೇಡಿ. "ನನಗೆ ಅವರದು ಕೇಳಿಸ್ತಿಲ್ಲ, ಅವರಿಗೂ ನನ್ನದು ಕೇಳಿಸ್ತಿಲ್ಲ" ಎನ್ನುವುದಕ್ಕೂ "ನನಗೆ ಕೇಳಿಸುತ್ತೆ, ಅವರಿಗೆ ಕೇಳಿಸ್ತಿಲ್ಲ" ಎನ್ನುವುದಕ್ಕೂ ತುಂಬ ಅಂತರವಿದೆ.

ಕೆಳಗಿನ ದೊಡ್ಡ ಸ್ಪೀಕರ್‌ಗೆ, ಅಂಗಡಿಯವರು ರಿಂಗರ್ ಎನ್ನುವುದಕ್ಕೆ, ರಿಂಗ್‌ಟೋನ್ ಹಾಕಿ ನೋಡಿದರೆ ಸಾಕು. ಮೇಲಿನ ಇಯರ್ ಸ್ಪೀಕರ್‌ಗೆ ಕರೆಯೇ ಬೇಡ. ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ವಾಯ್ಸ್ ನೋಟ್ ಹಾಕಿ ಫೋನನ್ನು ಕಿವಿಗೆ ತನ್ನಿ, ದನಿ ಕೆಳಗಿನ ಸ್ಪೀಕರಿನಿಂದ ಇಯರ್ ಸ್ಪೀಕರಿಗೆ ಜಿಗಿಯಬೇಕು. ಜಿಗಿಯಿತು, ಸ್ಪಷ್ಟವಾಗಿದೆ ಎಂದರೆ ಇಯರ್ ಸ್ಪೀಕರ್ ಸರಿಯಿದೆ, ಜೊತೆಗೆ ಪರದೆ ಆರಿಸುವ ಸೆನ್ಸರೂ ಸರಿಯಿದೆ.

ಎರಡೂ ಸ್ಪೀಕರ್ ಸರಿಯಿದ್ದು, ಕರೆಯಲ್ಲಿ ನಿಮಗೆ ಎದುರಿನವರ ದನಿಯೂ ಬರುತ್ತಿಲ್ಲ ಎಂದಾದರೆ ತೊಂದರೆ ನಿಮ್ಮ ಮೈಕಿನದ್ದಲ್ಲ. ಬ್ಲೂಟೂತ್ ಅಥವಾ ನೆಟ್‌ವರ್ಕ್ ಕಡೆ ತಿರುಗಿ.

## ಹಂತ 4: ನಾಲ್ಕು ಕರೆಗಳು

ಈ ಹಂತಕ್ಕೇ ಹೆಚ್ಚು ಹೊತ್ತು ಕೊಡಿ. ಸಹಾಯಕ್ಕೆ ಬಂದವರನ್ನು ಇನ್ನೊಂದು ಕೋಣೆಗೆ ಕಳಿಸಿ ಬಾಗಿಲು ಹಾಕಿಸಿ. ಒಂದೇ ಕೋಣೆಯಲ್ಲಿದ್ದರೆ ಎರಡು ಫೋನ್ ಸೇರಿ ಕೂಗತೊಡಗುತ್ತವೆ, ಜೊತೆಗೆ ನಿಮ್ಮ ದನಿ ಗಾಳಿಯಲ್ಲೇ ಅವರಿಗೆ ಕೇಳಿಸಿ ಫಲಿತಾಂಶ ಕೆಡುತ್ತದೆ. ಪ್ರತಿ ಸಲವೂ ಒಂದರಿಂದ ಹತ್ತರವರೆಗೆ ಒಂದೇ ದನಿಯಲ್ಲಿ ಎಣಿಸಿ. ಎಷ್ಟು ಅಂಕಿ ಕೇಳಿಸಿತು ಎಂದು ಅವರು ಬರೆದುಕೊಳ್ಳಲಿ.

ಒಂದು, ಮಾಮೂಲು ಕರೆ, ಫೋನು ಕಿವಿಗೆ. ಎರಡು, ಅದೇ ಕರೆಯಲ್ಲಿ ಸ್ಪೀಕರ್ ಆನ್ ಮಾಡಿ, ಮೇಜಿನ ಮೇಲಿಟ್ಟು. ಮೂರು, ಅದೇ ಕರೆಯಲ್ಲಿ ವೈರಿನ ಇಯರ್‌ಫೋನ್ ಚುಚ್ಚಿ. ನಾಲ್ಕು, ಕರೆ ಮುಗಿಸಿ, ವಾಟ್ಸ್ಆ್ಯಪ್ ಕರೆ, ಮತ್ತೆ ಕಿವಿಗೆ ಹಿಡಿದು.

ಈಗ ಹಾಳೆ ಓದಿ.

ಕಿವಿಗೆ ಹಿಡಿದಾಗ ಹೋಗಿಲ್ಲ, ಸ್ಪೀಕರ್‌ನಲ್ಲೂ ಇಯರ್‌ಫೋನ್‌ನಲ್ಲೂ ಹೋಗಿದೆ. ವಾಯ್ಸ್ ನೋಟ್ ಸರಿಯಿರುವವರಲ್ಲಿ ನಾನು ಹೆಚ್ಚಾಗಿ ಕಂಡ ಫಲಿತಾಂಶ ಇದು. ಎರಡು ಮೈಕ್ ಹೋಲಿಸುವ ಲೆಕ್ಕ ತಪ್ಪುತ್ತಿದೆ. ಸ್ಪೀಕರ್ ಆನ್ ಮಾಡಿದಾಗ ಬಾಯಿ ಹೇಗೂ ದೂರ ಇರುತ್ತದೆಂದು ಫೋನು ಆ ಹೋಲಿಕೆಯನ್ನು ಹಾಗೆ ಮಾಡುವುದಿಲ್ಲ, ದನಿ ದಾಟಿಹೋಗುತ್ತದೆ. ಹಂತ 5ಕ್ಕೆ ಹೋಗಿ.

ಕಿವಿಗೆ ಹಿಡಿದಾಗ ಸರಿ, ಸ್ಪೀಕರ್‌ನಲ್ಲಿ ಮಾತ್ರ ಇಲ್ಲ. ಬಹಳಷ್ಟು ಫೋನ್‌ಗಳು ಸ್ಪೀಕರ್ ಹಾಕಿದಾಗ ಮೇಲಿನ ಮೈಕನ್ನು ಮುಂದೆ ತರುತ್ತವೆ. ಹಂತ 2ರಲ್ಲಿ ಆ ಮೈಕ್ ಮಂದ ಎಂದು ಬರೆದಿದ್ದರೆ ಎರಡೂ ತಾಳೆಯಾಯಿತು. ಅಲ್ಲಿ ಸರಿಯಿದ್ದರೆ ಸ್ಪೀಕರ್ ದನಿಯನ್ನು ಅರ್ಧಕ್ಕೆ ಇಳಿಸಿ ಮತ್ತೆ ಎಣಿಸಿ. ದನಿ ಪೂರ್ತಿ ಏರಿಸಿದಾಗ ಸ್ಪೀಕರಿನ ಸದ್ದು ಮೈಕಿಗೆ ನುಗ್ಗುತ್ತದೆ, ಅದನ್ನು ಅಳಿಸುವ ಭರದಲ್ಲಿ ಫೋನು ನಿಮ್ಮ ಮಾತನ್ನೂ ಕತ್ತರಿಸುತ್ತದೆ.

ಮಾಮೂಲು ಕರೆಯಲ್ಲಿ ಇಯರ್‌ಫೋನ್ ಹಾಕಿದರೂ ಹೋಗಿಲ್ಲ, ವಾಟ್ಸ್ಆ್ಯಪ್ ಕರೆ ಸರಾಗ. ಮೈಕ್ ನಿರಪರಾಧಿ. ಅದೇ ಮೈಕ್ ಹಿಡಿದು ಇಂಟರ್ನೆಟ್ ಮೂಲಕ ಮಾತು ಹೋಗುತ್ತಿದೆ, ಸಿಮ್ ಮೂಲಕ ಹೋಗುತ್ತಿಲ್ಲ. ಹಂತ 6.

ಕಿವಿಗೂ ಇಲ್ಲ, ಸ್ಪೀಕರ್‌ನಲ್ಲೂ ಇಲ್ಲ, ವಾಟ್ಸ್ಆ್ಯಪ್ ಕರೆಯಲ್ಲೂ ಇಲ್ಲ, ಇಯರ್‌ಫೋನ್‌ನಲ್ಲಿ ಮಾತ್ರ ಹೋಗುತ್ತೆ. ಮೊದಲು ಹಂತ 5ರ ಶುದ್ಧೀಕರಣ, ಸರಿಹೋಗದಿದ್ದರೆ ಹಂತ 6ರ ಸೇಫ್ ಮೋಡ್.

ಯಾವುದೋ ಒಂದು ಆ್ಯಪ್‌ನ ಕರೆಯಲ್ಲಿ ಮಾತ್ರ ಇಲ್ಲ. ಆ ಆ್ಯಪ್‌ನ ಮೈಕ್ ಅನುಮತಿ ನೋಡಿ. ಒಂದು ಮಾತು ಗಮನದಲ್ಲಿರಲಿ: ವಾಟ್ಸ್ಆ್ಯಪ್‌ನ ವಾಯ್ಸ್ ನೋಟ್‌ಗೂ ಕರೆಗೂ ಒಂದೇ ಅನುಮತಿ. ನೋಟ್ ಹೋಗುತ್ತಿದ್ದರೆ ಅನುಮತಿ ಇದ್ದೇ ಇದೆ, ಅದನ್ನೇ ಆಫ್ ಆನ್ ಮಾಡುತ್ತ ಕೂರಬೇಡಿ.

## ಹಂತ 5: ತೂತು ಶುಚಿ ಮಾಡುವುದು, ಪಿನ್ ಇಲ್ಲದೆ

ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಅಕ್ಕ ಒಬ್ಬರಿದ್ದಾರೆ. ಆರ್ಡರ್ ಎಲ್ಲ ಫೋನಿನಲ್ಲೇ. ಒಂದು ದಿನ ಫೋನ್ ಹಿಡಿದು ಬಂದರು. "ತಮ್ಮಾ, ನಾ ಒದರಿ ಒದರಿ ಗಂಟಲ ಹೋತು. ಅವ್ರು ನೋಡಿದ್ರ ಅಕ್ಕಾರ ನಿಮ್ಮ ದನಿನ ಕೇಳವಲ್ದು ಅಂತಾರ. ವಾಯ್ಸ್ ಕಳಿಸಿದ್ರ ಚಲೋ ಕೇಳತೈತಂತ." ಅಂಗಡಿಯೊಂದರಲ್ಲಿ ಚಾರ್ಜಿಂಗ್ ಬೋರ್ಡ್ ಹಾಕಬೇಕು, 800 ರೂಪಾಯಿ ಎಂದಿದ್ದರಂತೆ.

ಬ್ಲೂಟೂತ್ ಅವರು ಬಳಸಿದವರೇ ಅಲ್ಲ. ನಾಲ್ಕು ಕರೆ ಮಾಡಿ ನೋಡಿದೆವು. ಕಿವಿಗೆ ಹಿಡಿದಾಗ ಹತ್ತರಲ್ಲಿ ಎರಡು ಅಂಕಿ ಕೇಳಿಸಿತು, "ಒಂದು" ಮತ್ತು "ಏಳು"ರ ಅರ್ಧ. ಸ್ಪೀಕರ್ ಹಾಕಿದಾಗ ಹತ್ತೂ. ಇಯರ್‌ಫೋನ್‌ನಲ್ಲಿ ಹತ್ತೂ. ವಾಟ್ಸ್ಆ್ಯಪ್ ಕರೆಯಲ್ಲಿ ಕಿವಿಗೆ ಹಿಡಿದಾಗ ಮೂರು. ಉಗುರಿನ ಪರೀಕ್ಷೆಯಲ್ಲಿ ಕೆಳಗೆ ಕೆರೆದದ್ದೂ ಮೇಲೆ ಕೆರೆದದ್ದೂ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿತ್ತು. ವಾಯ್ಸ್ ನೋಟನ್ನು ಇಯರ್‌ಫೋನ್ ಹಾಕಿ ಗಮನವಿಟ್ಟು ಕೇಳಿದಾಗ ದನಿ ತುಸು ಮಂಕಾಗಿತ್ತು, ಆದರೆ ಯಾರೂ ದೂರುವಷ್ಟಲ್ಲ.

ಟಾರ್ಚ್ ಹಿಡಿದು ಕೆಳಗಿನ ತೂತು ನೋಡಿದೆ. ಕಪ್ಪಾಗಿ ಕಾಣಬೇಕಾದ ತೂತಿನೊಳಗೆ ಬೂದುಬಿಳಿ ಬಣ್ಣ. ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿ ಎತ್ತಿ, ಜೋಳದ ಹಿಟ್ಟು ಕೈಯ ಪಸೆಯೊಂದಿಗೆ ಸೇರಿ ಗಟ್ಟಿಯಾಗಿ ಕೂತಿತ್ತು.

ಶುಚಿ ಮಾಡುವ ಕ್ರಮ ಹೀಗೆ. ಫೋನ್ ಸ್ವಿಚ್ ಆಫ್ ಮಾಡಿ. ತೂತು ನೆಲದ ಕಡೆ ಮುಖ ಮಾಡುವಂತೆ ಹಿಡಿಯಿರಿ, ಉದುರಿದ್ದು ಒಳಗೆ ಹೋಗದೆ ಕೆಳಗೆ ಬೀಳಬೇಕು. ಒಣ ಬ್ರಷ್ಷಿನ ಎಳೆಗಳನ್ನು ಒಂದೇ ದಿಕ್ಕಿಗೆ, ಕಸ ಗುಡಿಸಿದಂತೆ, ಮೆಲ್ಲಗೆ ಎಳೆಯಿರಿ. ಒತ್ತಿ ತಿರುಗಿಸಬೇಡಿ, ಹಿಟ್ಟು ಇನ್ನೂ ಒಳಗೆ ನುಗ್ಗುತ್ತದೆ. ಇಪ್ಪತ್ತು ಮೂವತ್ತು ಸಲ ಎಳೆದ ಮೇಲೆ ಟೇಪಿನ ಅಂಟಿರುವ ಬದಿಯನ್ನು ತೂತಿನ ಮೇಲೆ ಒತ್ತಿ ಕಿತ್ತರೆ ಸಡಿಲವಾದ ಪುಡಿ ಅಂಟಿಕೊಂಡು ಬರುತ್ತದೆ. ಟಾರ್ಚಿನಲ್ಲಿ ನೋಡಿ, ಮತ್ತೆ ಬ್ರಷ್, ಮತ್ತೆ ಟೇಪ್. ಅಕ್ಕನ ಫೋನಿಗೆ ನಾಲ್ಕು ಸುತ್ತು ಬೇಕಾಯಿತು. ಆಮೇಲೆ ಕಿವಿಗೆ ಹಿಡಿದು ಎಣಿಸಿದರೆ ಹತ್ತಕ್ಕೆ ಹತ್ತು ಕೇಳಿಸಿತು.

ಮೇಲಿನ ತೂತನ್ನೂ ಹೀಗೆಯೇ ಶುಚಿ ಮಾಡಿ, ಇಯರ್ ಸ್ಪೀಕರಿನ ಜಾಲರಿಯನ್ನೂ.

ಮೂರು ಕೆಲಸ ಮಾಡಲೇಬೇಡಿ. ಸಿಮ್ ತೆಗೆಯುವ ಪಿನ್, ಸೂಜಿ, ಸೇಫ್ಟಿ ಪಿನ್ ಯಾವುದನ್ನೂ ಮೈಕಿನ ತೂತಿಗೆ ಹಾಕಬೇಡಿ. ತೂತಿನ ಹಿಂದೆ ತೆಳು ಜಾಲರಿ, ರಬ್ಬರಿನ ಸಣ್ಣ ಕೊಳವೆ, ಅದರಾಚೆ ಕೂದಲಿಗಿಂತ ತೆಳುವಾದ ಪೊರೆಯ ಮೈಕ್ ಇರುತ್ತದೆ. ಪಿನ್ ತಾಗಿದರೆ ಅಲ್ಲಿಗೆ ಮುಗಿಯಿತು. ಸಿಮ್ ತೆಗೆಯುವ ತೂತೆಂದುಕೊಂಡು ಮೈಕಿಗೆ ಚುಚ್ಚುವವರೂ ಬಹಳ. ಸಿಮ್ಮಿನ ತೂತು ಟ್ರೇಯ ಮೇಲೆಯೇ ಇರುತ್ತದೆ, ಸುತ್ತ ಉದ್ದನೆಯ ಗೀರು ಕಾಣುತ್ತದೆ. ಮೈಕಿನ ತೂತು ಒಂಟಿ. ಎರಡನೆಯದಾಗಿ, ಬಾಯಿಂದ ಊದಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ. ಮೂರನೆಯದಾಗಿ, ಅಂಗಡಿಯ ಬ್ಲೋವರ್ ಅಥವಾ ಗಾಳಿಯ ಕ್ಯಾನ್ ನೇರ ಹಿಡಿಯಬೇಡಿ, ಆ ರಭಸಕ್ಕೆ ಪೊರೆ ಹರಿಯಬಹುದು.

ಹಳೆಯ ಐಫೋನ್ ಇದ್ದವರಿಗೆ ಇನ್ನೊಂದು ದಾರಿ ಇದೆ. Settings, Accessibility, Audio & Visual ಎಂಬಲ್ಲಿ Phone Noise Cancellation ಎಂಬ ಸ್ವಿಚ್ ಕಂಡರೆ ಆಫ್ ಮಾಡಿ ಕಿವಿಯ ಕರೆಯನ್ನು ಮತ್ತೆ ಪರೀಕ್ಷಿಸಿ. ಸರಿಹೋದರೆ ಗದ್ದಲ ಅಳಿಸುವ ಲೆಕ್ಕದಲ್ಲೇ ತೊಂದರೆ ಇತ್ತೆಂದು ಖಚಿತ. ಐಫೋನ್ 13 ಮತ್ತು ಅದರ ನಂತರದವುಗಳಲ್ಲಿ ಈ ಸ್ವಿಚ್ ಇಲ್ಲ.

## ಹಂತ 6: ನೆಟ್‌ವರ್ಕ್ ಮತ್ತು ಸಾಫ್ಟ್‌ವೇರ್

ಮಾಮೂಲು ಕರೆ ಮಾತ್ರ ಕೆಟ್ಟಿದ್ದರೆ ಮೊದಲು ಸಿಮ್ಮನ್ನು ಬೇರೆ ಫೋನಿಗೆ ಹಾಕಿ ಅದೇ ಜಾಗದಿಂದ ಕರೆ ಮಾಡಿ. ತೊಂದರೆ ಸಿಮ್ಮಿನ ಬೆನ್ನು ಹತ್ತಿ ಆ ಫೋನಿಗೂ ಬಂದರೆ ನಿಮ್ಮ ಫೋನಿನದ್ದೇನೂ ತಪ್ಪಿಲ್ಲ. ಮನೆಯಲ್ಲಿ ಕೇಳಿಸದೆ ಪೇಟೆಯಲ್ಲಿ ಕೇಳಿಸಿದರೂ ಅದೇ ಅರ್ಥ.

ಆಮೇಲೆ ವೈಫೈ ಕಾಲಿಂಗ್ ಆಫ್ ಮಾಡಿ ಒಂದು ಕರೆ. ಸರಿಹೋಗದಿದ್ದರೆ, 4ಜಿ ಮೂಲಕವೇ ಕರೆ ಸಾಗಿಸುವ ವೋಲ್ಟಿ, ಸೆಟ್ಟಿಂಗ್‌ನಲ್ಲಿ VoLTE ಎಂದಿರುವುದನ್ನು, ಆಫ್ ಮಾಡಿ ಒಂದು ಕರೆ. ಎರಡನ್ನೂ ಒಟ್ಟಿಗೆ ಆಫ್ ಮಾಡಬೇಡಿ, ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಜಿಯೋ ಸಿಮ್ ಇದ್ದವರು ವೋಲ್ಟಿ ಆಫ್ ಮಾಡಬೇಡಿ. ಅದಕ್ಕೆ 2ಜಿ, 3ಜಿ ಇಲ್ಲ, ಕರೆಯೇ ಹೋಗುವುದಿಲ್ಲ. ಏರ್‌ಟೆಲ್, ವಿ, ಬಿಎಸ್‌ಎನ್‌ಎಲ್‌ಗಳಲ್ಲಿ ಕರೆ 2ಜಿಗೆ ಇಳಿದು ನಡೆಯಬಹುದು. ಹಾಗೆ ಸರಿಹೋದರೆ ವೋಲ್ಟಿ ಮತ್ತೆ ಆನ್ ಮಾಡಿ, ಯಾವ ಜಾಗ, ಯಾವ ಹೊತ್ತು ಎಂದು ಬರೆದು ನೆಟ್‌ವರ್ಕ್ ಕಂಪನಿಗೆ ದೂರು ಕೊಡಿ. ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಮಾಡುವುದಾದರೆ ಇಲ್ಲಿ ಮಾಡಿ. ಫೋಟೋ, ಚಾಟ್ ಹೋಗುವುದಿಲ್ಲ, ವೈಫೈ ಪಾಸ್‌ವರ್ಡ್‌ಗಳು ಮತ್ತು ಬ್ಲೂಟೂತ್ ಜೋಡಣೆಗಳು ಮಾತ್ರ ಅಳಿಯುತ್ತವೆ.

ಎಲ್ಲ ಬಗೆಯ ಕರೆಯಲ್ಲೂ ತೊಂದರೆ ಇದ್ದರೆ ಆಂಡ್ರಾಯ್ಡ್‌ನಲ್ಲಿ ಸೇಫ್ ಮೋಡ್ ನೋಡಿ. ಬಹಳಷ್ಟು ಫೋನ್‌ಗಳಲ್ಲಿ ಪವರ್ ಗುಂಡಿ ಒತ್ತಿದಾಗ ಬರುವ ಪವರ್ ಆಫ್ ಎಂಬುದನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಕೇಳುತ್ತದೆ. ಅದರಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಅಲ್ಲಿ ಮಾಮೂಲು ಕರೆ ಸ್ಪಷ್ಟವಾದರೆ ನಿಮ್ಮದೇ ಒಂದು ಆ್ಯಪ್ ಅಡ್ಡ ಬರುತ್ತಿದೆ. ಹಳೆಯ ಕಾಲ್ ರೆಕಾರ್ಡರ್, ದನಿ ಬದಲಿಸುವ ಆ್ಯಪ್, ದನಿ ಹೆಚ್ಚಿಸುವ ಬೂಸ್ಟರ್, ಈ ಮೂರನ್ನು ಮೊದಲು ತೆಗೆಯಿರಿ. ಫ್ಯಾಕ್ಟರಿ ರೀಸೆಟ್ ಕಟ್ಟಕಡೆಯ ಮಾತು, ಅದೂ ಬ್ಯಾಕಪ್ ತೆಗೆದ ನಂತರ. ಸೇಫ್ ಮೋಡ್‌ನಲ್ಲೂ ತೊಂದರೆ ಹಾಗೆಯೇ ಇದ್ದು, ಉಗುರಿನ ಪರೀಕ್ಷೆಯಲ್ಲಿ ಒಂದು ಮೈಕ್ ಸತ್ತಿದೆ ಎಂದು ಕಂಡಿದ್ದರೆ ರೀಸೆಟ್‌ನಿಂದ ಏನೂ ಆಗದು.

## ಹಂತ 7: ಅಂಗಡಿಗೆ ಹೋಗಲೇಬೇಕಾದಾಗ

ಈ ಲಕ್ಷಣಗಳು ಕಂಡರೆ ಮನೆಯಲ್ಲಿ ಇನ್ನೇನೂ ಮಾಡಬೇಡಿ: ಕರೆಯಲ್ಲಿ ಸ್ಪೀಕರ್ ಗುಂಡಿ ಬೂದು ಬಣ್ಣಕ್ಕೆ ತಿರುಗಿ ಒತ್ತಲು ಬಾರದಿರುವುದು, ರೆಕಾರ್ಡರ್ ಸೊನ್ನೆಯಲ್ಲೇ ನಿಂತುಬಿಡುವುದು, ಕರೆ ಮಾಡಿದ ಕೂಡಲೇ ಫೋನ್ ಹ್ಯಾಂಗ್ ಆಗುವುದು. ಇವು ಮದರ್ ಬೋರ್ಡಿನಲ್ಲಿ ದನಿ ನಿಭಾಯಿಸುವ ಚಿಪ್, ಆಡಿಯೊ ಐಸಿ ಕಡೆ ಬೆರಳು ತೋರಿಸುತ್ತವೆ. ಫೋನು ನೀರಿಗೆ ಬಿದ್ದ ಮೇಲೆ ಶುರುವಾಗಿದ್ದರೂ ಅಷ್ಟೇ. ಸಿಮ್ ಟ್ರೇ ತೆಗೆದು ಒಳಗೆ ಟಾರ್ಚ್ ಬಿಡಿ, ಹಲವು ಫೋನ್‌ಗಳಲ್ಲಿ ಬಿಳಿಯ ಸಣ್ಣ ಪಟ್ಟಿ ಇರುತ್ತದೆ, ಅದು ಕೆಂಪಾಗಿದ್ದರೆ ತೇವ ಒಳಹೊಕ್ಕಿದೆ.

ಡಿಸ್ಪ್ಲೇ ಅಥವಾ ಹಿಂದಿನ ಗ್ಲಾಸ್ ಬದಲಿಸಿದ ಬಳಿಕ ತೊಂದರೆ ಬಂದಿದ್ದರೆ ಅದನ್ನು ಮೊದಲ ಮಾತಿನಲ್ಲೇ ಹೇಳಿ. ಮೈಕಿನ ಸುತ್ತ ಕೂರುವ ರಬ್ಬರ್ ಬಿಟ್ಟುಹೋಗಿರುತ್ತದೆ ಅಥವಾ ತೂತಿಗೆ ಅಂಟು ಹರಡಿರುತ್ತದೆ. ರಬ್ಬರ್ ಇಲ್ಲದಿದ್ದರೆ ಸ್ಪೀಕರಿನ ದನಿ ಫೋನಿನ ಒಳಗಿನಿಂದಲೇ ಮೈಕಿಗೆ ಸೇರಿ, ಎದುರಿನವರಿಗೆ ಅವರ ಮಾತೇ ತಿರುಗಿ ಕೇಳಿಸುತ್ತದೆ. ಇದಕ್ಕೆ ಹೊಸ ಮೈಕ್ ಬೇಡ, ಬಿಚ್ಚಿ ಸರಿಯಾಗಿ ಕೂರಿಸಿದರೆ ಆಯಿತು.

ಅಂಗಡಿಯಲ್ಲಿ "ಮೈಕ್ ಕೆಲಸ ಮಾಡ್ತಿಲ್ಲ" ಎನ್ನಬೇಡಿ. ಹಾಗೆಂದರೆ ನೇರ ಕೆಳಗಿನ ಬೋರ್ಡ್ ಬದಲಿಸುತ್ತಾರೆ, ಏಕೆಂದರೆ ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕೆಳಗಿನ ಮೈಕ್ ಇರುವುದು ಚಾರ್ಜಿಂಗ್ ಬೋರ್ಡಿನ ಮೇಲೆಯೇ. ನಿಮ್ಮ ಹಾಳೆಯನ್ನು ಮುಂದಿಟ್ಟು ಹೀಗೆ ಹೇಳಿ: "ಕೆಳಗಿನ ಮೈಕ್ ರೆಕಾರ್ಡಿಂಗ್‌ನಲ್ಲಿ ಸರಿ ಇದೆ. ಸೆಲ್ಫಿ ವಿಡಿಯೊದಲ್ಲಿ ಮೇಲಿನ ಮೈಕ್ ಗರಗರ ಅನ್ನುತ್ತೆ. ಕಿವಿಗೆ ಹಿಡಿದಾಗ ದನಿ ಹೋಗಲ್ಲ, ಇಯರ್‌ಫೋನ್‌ನಲ್ಲಿ ಹೋಗುತ್ತೆ. ಮೇಲಿನ ಮೈಕ್ ನೋಡಿ." ಬೋರ್ಡನ್ನೇ ಬದಲಿಸಬೇಕೆಂದರೆ ಹಳೆಯದನ್ನು ವಾಪಸ್ ಕೇಳಿ. ಅಗ್ಗದ ಬೋರ್ಡಿನ ಮೈಕ್ ಮೂಲದಷ್ಟು ಚುರುಕಾಗಿಲ್ಲದಿದ್ದರೆ ಎರಡು ಮೈಕಿನ ಹೋಲಿಕೆ ಮತ್ತೆ ತಪ್ಪುತ್ತದೆ, ಕರೆಯಲ್ಲಿ ಅದೇ ಕಾಟ. ಫಾಸ್ಟ್ ಚಾರ್ಜಿಂಗ್ ನಿಂತುಹೋಗುವುದೂ ಉಂಟು.

ದುಡ್ಡು ಕೊಡುವ ಮೊದಲು ಅಂಗಡಿಯಿಂದ ಹತ್ತು ಹೆಜ್ಜೆ ಆಚೆ ಹೋಗಿ ಮನೆಯವರಿಗೆ ಕರೆ ಮಾಡಿ. ಕಿವಿಗೆ ಹಿಡಿದು ಒಮ್ಮೆ, ಸ್ಪೀಕರ್ ಹಾಕಿ ಒಮ್ಮೆ, ವಾಟ್ಸ್ಆ್ಯಪ್‌ನಲ್ಲಿ ಒಮ್ಮೆ, ಪ್ರತಿ ಸಲ ಒಂದರಿಂದ ಹತ್ತು ಎಣಿಸಿ. ಬೋರ್ಡ್ ಬದಲಿಸಿದ್ದರೆ ಚಾರ್ಜರ್ ಚುಚ್ಚಿ ಅದನ್ನೂ ನೋಡಿ. ಹತ್ತು ಅಂಕಿಯೂ ಅವರಿಗೆ ಕೇಳಿಸಿದ ಮೇಲೆ ಒಳಗೆ ಬಂದು ಬಿಲ್ಲು ಪಡೆಯಿರಿ, ಯಾವ ಭಾಗ ಬದಲಿಸಿದರು ಎಂದು ಅದರ ಮೇಲೆ ಬರೆಸಿಕೊಳ್ಳಿ.